ಹಿಗ್ಗಬಾರದ ಹಗ್ಗ

ಗೆಳೆಯನೊಬ್ಬನ ಜೊತೆ ಸೇರಿ ನಾನು ಮಾಡುತ್ತಿರುವ ಒಗಟಿನ ಆಟದಲ್ಲಿ ಒಂದು ಕೊಡ ಹಗ್ಗದಲ್ಲಿ ನೇತಾಡುತ್ತದೆ. ಅದನ್ನು ತೂಗಿಸಿ, ಕೆಳಗಿನ ಮೋಟುಗೋಡೆ ದಾಟಿಸಿ, ಆಚೆ ಹೋದೊಡನೆ ಬೆರಳಿನಿಂದ ಹಗ್ಗ ಕತ್ತರಿಸಬೇಕು. ಕೊಡದ ತಳಕ್ಕೂ ಗೋಡೆಯ ನೆತ್ತಿಗೂ ನಡುವೆ ಇರುವುದು 20 ಪಿಕ್ಸೆಲ್ ಅಂತರ. ಹಗ್ಗ ಅದಕ್ಕಿಂತ ಹೆಚ್ಚು ಹಿಗ್ಗಿದರೆ ಕೊಡ ಗೋಡೆಗೆ ಬಡಿಯುತ್ತದೆ. ಆಡುವವರ ಕಣ್ಣಳತೆ ಸರಿಯಿದ್ದೂ ಅವರು ಸೋಲುತ್ತಾರೆ. ಬೇರೆ ಆಟದ ಹಿನ್ನೆಲೆಯಲ್ಲಿ ಹಗ್ಗವೊಂದು ಜಗ್ಗಿದರೆ ಯಾರೂ ಕೇಳುವುದಿಲ್ಲ. ಒಗಟಿನಲ್ಲಿ ಅದು ಮೋಸ.

ಪರದೆಯ ಮೇಲಿನ ಹಗ್ಗವೆಂದರೆ ಸಾಲಾಗಿ ನಿಂತ ಬಿಂದುಗಳು, ಅಷ್ಟೇ. ನನ್ನದರಲ್ಲಿ ಮೊಳೆಯ ಕೆಳಗೆ 20 ಬಿಂದುಗಳಿವೆ, ಒಂದಕ್ಕೂ ಇನ್ನೊಂದಕ್ಕೂ 10 ಪಿಕ್ಸೆಲ್ ದೂರ. ಅವುಗಳನ್ನು ಚಲಿಸುವಂತೆ ಮಾಡುವ ಸೂತ್ರ ಲೂ ವರ್ಲೆಯದು. ಈ ಫ್ರೆಂಚ್ ಭೌತವಿಜ್ಞಾನಿ 1967ರಲ್ಲಿ ಆರ್ಗಾನಿನಂಥ ದ್ರವದ 864 ಕಣಗಳ ಓಡಾಟವನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಲು ಅದನ್ನು ಬಳಸಿದ್ದರು. ಇದರಲ್ಲಿ ವೇಗವನ್ನು ಬೇರೆಯಾಗಿ ಬರೆದಿಡುವುದೇ ಇಲ್ಲ. ಬಿಂದು ಈಗ ಎಲ್ಲಿದೆ, ಹಿಂದಿನ ಹೆಜ್ಜೆಯಲ್ಲಿ ಎಲ್ಲಿತ್ತು, ಇಷ್ಟು ಗೊತ್ತಿದ್ದರೆ ಸಾಕು:

```
next = pos + (pos - prev) * 0.99 + g * dt * dt
```

ಆ 0.99 ಗಾಳಿಯ ತಡೆಯ ಬದಲಿಗೆ ನಾನು ಸೇರಿಸಿಕೊಂಡದ್ದು. ಇದಾದ ಮೇಲೆ ಪಕ್ಕಪಕ್ಕದ ಜೋಡಿಗಳನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗಬೇಕು. ಎರಡರ ದೂರ 10ಕ್ಕಿಂತ ಹೆಚ್ಚಿದ್ದರೆ ಎರಡನ್ನೂ ಅರ್ಧರ್ಧ ಹತ್ತಿರಕ್ಕೆ ಎಳೆಯಬೇಕು. ಒಂದು ಭಾರವಾಗಿದ್ದರೆ ಅದು ಕಡಿಮೆ, ಹಗುರವಾದದ್ದು ಹೆಚ್ಚು ಸರಿಯಬೇಕು. ಒಂದು ಜೋಡಿಯನ್ನು ಸರಿಮಾಡಿದರೆ ಪಕ್ಕದ್ದು ಕೆಡುತ್ತದೆ. ಆದ್ದರಿಂದ ಇಡೀ ಸಾಲನ್ನು ಹಲವು ಸುತ್ತು ತಿದ್ದಬೇಕು. ‘ಹಿಟ್‌ಮ್ಯಾನ್’ ಆಟದಲ್ಲಿ ಇದೇ ಉಪಾಯ ಬಳಸಿದ ಥಾಮಸ್ ಯಾಕೊಬ್ಸೆನ್ 2001ರಲ್ಲಿ ಅದನ್ನು ವಿವರಿಸಿದ ಮೇಲೆ ಆಟ ಕಟ್ಟುವವರಿಗೆಲ್ಲ ಇದು ಮನೆಮಾತಾಯಿತು.

ವೇಗ ಬರೆದಿಡದಿರುವ ಲಾಭ ಇಲ್ಲಿದೆ. ಬಿಂದುವನ್ನು ಸುಮ್ಮನೆ ಎತ್ತಿಟ್ಟರೆ ಸಾಕು, ವೇಗ ತಾನಾಗಿ ಹೊಂದಿಕೊಳ್ಳುತ್ತದೆ. ಹಾಗಾದರೆ ಹಗ್ಗ ಹಿಗ್ಗುವುದೇಕೆ? ಸೂತ್ರದಲ್ಲಿ ಎಲ್ಲಿಯೂ ರಬ್ಬರಿಲ್ಲವಲ್ಲ!

ಕೊಡ ಅಲುಗಾಡದೆ ತೂಗಿರುವಾಗಿನ ಲೆಕ್ಕ ನೋಡೋಣ. ನನ್ನ ಆಟದ ಗುರುತ್ವ ಸೆಕೆಂಡಿನ ವರ್ಗಕ್ಕೆ 980 ಪಿಕ್ಸೆಲ್, ಸೆಕೆಂಡಿಗೆ 60 ಹೆಜ್ಜೆ. ಅಂದರೆ ಪ್ರತಿ ಹೆಜ್ಜೆಯಲ್ಲೂ ಪ್ರತಿ ಬಿಂದು ಸುಮಾರು 0.27 ಪಿಕ್ಸೆಲ್ ಕೆಳಗೆ ಜಾರುತ್ತದೆ. ಕೊಡದ ಭಾರ 50 ಬಿಂದುಗಳಷ್ಟು. ಹಗ್ಗದ್ದೂ ಸೇರಿ 70. ಇಷ್ಟೂ ಭಾರದ ಜಾರುವಿಕೆಯನ್ನು ಮೇಲಿನ ಜೋಡಿ ಮೊಳೆಗೆ ಒಪ್ಪಿಸಬೇಕು: 70 ಸಲ 0.27, ಸುಮಾರು 19. ಹತ್ತು ಸುತ್ತು ತಿದ್ದಿದರೆ ಸುತ್ತಿಗೆ 1.9. ಆದರೆ ತಿದ್ದುವುದಕ್ಕೆ ಏನಾದರೂ ಸೊಟ್ಟಗಿರಬೇಕಷ್ಟೆ! ಜೋಡಿ ಹಿಗ್ಗಿರದಿದ್ದರೆ ಅದು ಎಳೆಯುವುದೇ ಇಲ್ಲ. ಹಾಗಾಗಿ ಭಾರ ಹೊರಲೆಂದೇ ಪ್ರತಿ ಜೋಡಿಯೂ ಒಂದೂವರೆ, ಎರಡು ಪಿಕ್ಸೆಲ್ ಹಿಗ್ಗಿ ನಿಲ್ಲುತ್ತದೆ. ಇಪ್ಪತ್ತು ಜೋಡಿ ಸೇರಿದರೆ ಮೂವತ್ತರ ಆಸುಪಾಸು. ಗೋಡೆಗೆ ಬಡಿಯಲು ಅಷ್ಟು ಸಾಕು. ತೂಗುವಾಗಲಂತೂ ಎಳೆತ ಇನ್ನೂ ಹೆಚ್ಚು.

ಇದನ್ನು ಪತ್ತೆಹಚ್ಚುವುದು ಸುಲಭ. ಹಗ್ಗ ನಿಶ್ಚಲವಾಗಿರುವಾಗ ಒಟ್ಟು ಉದ್ದವನ್ನು ಪರದೆಯ ಮೇಲೆ ಮುದ್ರಿಸಿ, ಸುತ್ತುಗಳನ್ನು ಇಮ್ಮಡಿ ಮಾಡಿ. ಹಿಗ್ಗು ಅರ್ಧಕ್ಕಿಳಿದರೆ ಅದು ಹಗ್ಗದ ಗುಣವಲ್ಲ, ತಿದ್ದುವಿಕೆ ಸಾಲದೆ ಉಳಿದ ಬಾಕಿ.

ಸುತ್ತು ಹೆಚ್ಚಿಸುತ್ತಾ ಹೋಗುವುದು ಒಂದು ದಾರಿ. ನನಗೆ ಹಿಡಿಸಿದ್ದು ಇನ್ನೊಂದು. 2019ರಲ್ಲಿ ಮೈಲ್ಸ್ ಮ್ಯಾಕ್ಲಿನ್ ಮತ್ತು ಸಂಗಡಿಗರು ಪ್ರಬಂಧವೊಂದರಲ್ಲಿ ಒತ್ತಿಹೇಳಿದ್ದು. ಒಂದು ಹೆಜ್ಜೆಗೆ ಹತ್ತು ಸುತ್ತು ತಿದ್ದುವ ಬದಲು ಆ ಹೆಜ್ಜೆಯನ್ನೇ ಹತ್ತು ಪುಟ್ಟ ಹೆಜ್ಜೆಗಳಾಗಿ ಒಡೆದು, ಪ್ರತಿಯೊಂದರಲ್ಲೂ ಒಂದೇ ಸುತ್ತು ತಿದ್ದುವುದು. ಫೋನಿನ ಮೇಲೆ ಬೀಳುವ ಕೆಲಸ ಹೆಚ್ಚುಕಡಿಮೆ ಅಷ್ಟೇ. ಆದರೆ ಜಾರುವಿಕೆ ಕಾಲದ ವರ್ಗವನ್ನು ಅನುಸರಿಸುವುದರಿಂದ ಹತ್ತರಲ್ಲೊಂದಾಗದೆ ನೂರರಲ್ಲೊಂದಾಗುತ್ತದೆ. ಸುತ್ತು ಹತ್ತು ಪಟ್ಟು ಕಡಿಮೆಯಾದರೂ ಒಟ್ಟು ಹಿಗ್ಗು ಹತ್ತು ಪಟ್ಟು ತಗ್ಗಿ, ಮೂರು ಪಿಕ್ಸೆಲ್ಲಿಗೆ ಬರುತ್ತದೆ. ಕೊಡ ಗೋಡೆ ದಾಟುತ್ತದೆ.

ಒಂದು ಎಚ್ಚರ ಬೇಕು. ಪುಟ್ಟ ಹೆಜ್ಜೆಯಲ್ಲೂ 0.99 ಹಾಗೇ ಉಳಿದರೆ ಅದು ಹತ್ತು ಸಲ ಗುಣಿಸಿಕೊಂಡು 0.904 ಆಗುತ್ತದೆ, ಕೊಡ ಎಣ್ಣೆಯಲ್ಲಿ ಮುಳುಗಿದಂತೆ ತೂಗುತ್ತದೆ. ಅಲ್ಲಿ 0.999 ಬರೆಯಬೇಕು.

ಇನ್ನು ಸರಪಳಿ. ಲೆಕ್ಕದಲ್ಲಿ ಅದೂ ಹಗ್ಗವೇ. ಚಿತ್ರ ಬರೆಯುವಾಗ ಕೊಂಡಿಗಳನ್ನು ಒಂದು ಅಗಲಕ್ಕೆ, ಒಂದು ಅಡ್ಡಕ್ಕೆ ಕಾಣುವಂತೆ ಬದಲಾಯಿಸುತ್ತಾ ಹೋಗುತ್ತೇನೆ. ಆದರೆ ಮೂರು ಪಿಕ್ಸೆಲ್ ಹಿಗ್ಗಿದ ಹಗ್ಗ ಕಣ್ಣಿಗೆ ಗೊತ್ತಾಗದಿದ್ದರೂ, ಅಷ್ಟೇ ಹಿಗ್ಗು ಕೆಲವೇ ಕೊಂಡಿಗಳ ನಡುವೆ ಬಿದ್ದರೆ ಬೆಳಕಿನ ಸಂದಿ ಕಾಣುತ್ತದೆ. ಸರಪಳಿಗೆ ನಾನು ಇಪ್ಪತ್ತು ಪುಟ್ಟ ಹೆಜ್ಜೆ ಕೊಟ್ಟಿದ್ದೇನೆ.