ಬೇಕು ಅನ್ನುವುದೂ, ಅಂಜಿಕೆಯೂ

ಜೋಯಿಡಾ ಕಡೆಯ ಹೆಣ್ಣುಮಕ್ಕಳಿಗೆ ಹೆರಿಗೆಯ ಅಂಜಿಕೆ ಮಳೆಗಾಲದ ಜೊತೆಗೇ ಹೆಣೆದುಕೊಂಡಿರುತ್ತದೆ. ನನ್ನ ತವರು ಕುಂಬಾರವಾಡದಿಂದ ಇನ್ನೂ ಒಳಗೆ, ಕಾಡಿನ ನಡುವೆ ಚದುರಿದ ಮನೆಗಳ ಊರು. ಹಳ್ಳ ತುಂಬಿದರೆ ಆಚೆಯ ಗಾಡಿ ಈಚೆ ಬರುವುದಿಲ್ಲ. ನಾನು ಸಣ್ಣವಳಿದ್ದಾಗ ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿ, ಚಿಕ್ಕಮ್ಮನನ್ನು ಆ ಜೋಲಿಯಲ್ಲಿ ಮಲಗಿಸಿ, ನಾಲ್ವರು ಗಂಡಸರು ಹೊತ್ತು ದಾಟಿಸಿದ್ದನ್ನು ನೋಡಿದ್ದೇನೆ. ಚಿಕ್ಕಮ್ಮ ಉಳಿದಳು, ಕೂಸೂ ಉಳಿಯಿತು. ಮನೆಯವರು ಈಗಲೂ ಅದನ್ನು ದೇವರು ಕಾಪಾಡಿದ ಕತೆಯಾಗಿಯೇ ಹೇಳುತ್ತಾರೆ. ನನಗೆ ನೆನಪಿರುವುದು ಕಂಬಳಿಯ ಅಡಿಯಿಂದ ತೊಟ್ಟಿಕ್ಕುತ್ತಿದ್ದ ಮಳೆನೀರಿನಲ್ಲಿ ಬೆರೆತಿದ್ದ ಕೆಂಪು.

ನನ್ನ ಗಂಡ ದಾಂಡೇಲಿಯಲ್ಲೇ ಹುಟ್ಟಿ ಬೆಳೆದವರು. ಅವರ ಅಪ್ಪ ಕಾಗದ ಕಾರ್ಖಾನೆಯಲ್ಲಿದ್ದರು, ಈಗ ಇವರೂ ಅಲ್ಲೇ ಇದ್ದಾರೆ. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಹಗಲು ಮಲಗಿರುವಾಗ ಮಕ್ಕಳು ತಟ್ಟೆ ಇಡುವ ಸದ್ದನ್ನೂ ಮಾಡುವ ಹಾಗಿರಲಿಲ್ಲವಂತೆ. ಅಪ್ಪ ಬೈದವರಲ್ಲ, ಹೊಡೆದವರಲ್ಲ. ಆದರೆ ಅಪ್ಪ ಎಂದರೆ ಮುಚ್ಚಿದ ಬಾಗಿಲು, ಒಳಗೆ ತಿರುಗುವ ಫ್ಯಾನು. ಇಷ್ಟನ್ನು ಇವರು ನನಗೆ ಹೇಳುವ ಹೊತ್ತಿಗೆ ನಮ್ಮ ಮದುವೆಯಾಗಿ ಬಹಳ ಕಾಲವಾಗಿತ್ತು.

ಅದಕ್ಕೂ ಮೊದಲು ನಮ್ಮಲ್ಲಿ ಕೂಸಿನ ವಿಷಯದ ಮಾತು ನಡೆದಿರಲಿಲ್ಲ ಎಂದಲ್ಲ. ಹಳಿಯಾಳದ ಅತ್ತೆ ಮನೆಗೆ ಹೋಗಿಬಂದ ರಾತ್ರಿ ಅದು ತಪ್ಪದೆ ಬರುತ್ತಿತ್ತು. ನಾನು ಅಂಜಿಕೆ ಎನ್ನುತ್ತಿದ್ದೆ. ಇವರು ‘ನಾನಿದ್ದೀನಲ್ಲ, ಯಾಕ ಅಂಜತಿ?’ ಎನ್ನುತ್ತಿದ್ದರು. ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಧೈರ್ಯ ಹೇಳುವವರ ಮುಂದೆ ಮತ್ತೆ ಅಂಜಿಕೆ ಎನ್ನಲು ಬಾಯಿ ಬರುವುದಿಲ್ಲ. ಹಾಗೆ ಧೈರ್ಯ ಹೇಳಿದ ಮನುಷ್ಯನಿಗೆ ತನ್ನ ಅಂಜಿಕೆ ಹೇಳಿಕೊಳ್ಳುವ ದಾರಿಯೂ ಮುಚ್ಚಿಹೋಗುತ್ತದೆ. ಗಂಡಹೆಂಡಿರ ನಡುವೆ ಈ ಮಾತು ಕೆಡುವುದು ಹೆಚ್ಚಾಗಿ ಜಗಳದಿಂದಲ್ಲ, ಈ ಸಮಾಧಾನದಿಂದಲೇ ಎಂದು ನನಗೆ ಅನ್ನಿಸಿದೆ.

ದಾರಿ ತೋರಿಸಿದವಳು ಮುಂಡಗೋಡದಲ್ಲಿ ನರ್ಸ್ ಆಗಿರುವ ಗೆಳತಿ. ‘ತಯಾರಿದ್ದೀಯಾ ಇಲ್ಲಾ ಅಂತ ಕೇಳಿಕೋಬ್ಯಾಡ. ಅದಕ್ಕ ಯಾರ ಕಡೆನೂ ಉತ್ತರ ಇಲ್ಲ. ಬೇರೆಬೇರೆ ಕೂತು ಎರಡು ಅಂಕಿ ಬರೀರಿ. ಕೂಸು ಎಷ್ಟು ಬೇಕು, ಹತ್ತಕ್ಕ ಎಷ್ಟು. ಅಂಜಿಕೆ ಎಷ್ಟು, ಹತ್ತಕ್ಕ ಎಷ್ಟು. ಆಮೇಲೆ ಚೀಟಿ ಬದಲು ಮಾಡಿಕೊಳ್ಳರಿ’ ಎಂದಳು. ನಾನು ಬೇಕು ಎನ್ನುವುದಕ್ಕೆ 7, ಅಂಜಿಕೆಗೆ 9 ಬರೆದಿದ್ದೆ. ಇವರದು 8 ಮತ್ತು 7. ಇವರ 7 ನೋಡಿ ನಾನು ದಂಗಾದೆ, ನನ್ನ 7 ನೋಡಿ ಇವರು. ನನ್ನ ಅಂಜಿಕೆಯನ್ನೇ ಇವರು ಬೇಡ ಎಂದು ಓದಿಕೊಂಡಿದ್ದರು. ಇವರ ಧೈರ್ಯವನ್ನು ನಾನು ಆತುರ ಎಂದು ತಿಳಿದಿದ್ದೆ. ಅಂಜಿಕೆ ಹೆಚ್ಚಿದ್ದ ಮಾತ್ರಕ್ಕೆ ಆಸೆ ಕಡಿಮೆ ಎಂದೇನಿಲ್ಲ, ಎರಡಕ್ಕೂ ಬೇರೆ ಬೇರೆ ಅಳತೆ. ಬೇಕು ಎನ್ನುವ ಕಡೆ ಯಾರಾದರೂ 2 ಬರೆದಿದ್ದರೆ ಆಗ ಆಡಬೇಕಾದ ಮಾತೇ ಬೇರೆ ಇರುತ್ತಿತ್ತು, ಅದನ್ನು ಬರೆಯಲು ಇಬ್ಬರಿಗೂ ಸಲಿಗೆ ಇರಬೇಕು. 2 ಬರೆದವರು ಮರುದಿನ ಮುನಿಸು ಎದುರಿಸಬೇಕಾದ ಮನೆಯಲ್ಲಿ ಎಲ್ಲರೂ 8 ಬರೆಯುತ್ತಾರೆ.

ಗೆಳತಿ ಇನ್ನೊಂದು ಮಾತು ಹೇಳಿದ್ದಳು. ಈ ಮಾತುಕತೆ ನಡೆಯುವಷ್ಟು ಕಾಲ ಬಸಿರು ನಿಲ್ಲದ ಹಾಗೆ ಭದ್ರವಾದ ಏರ್ಪಾಡು ಇರಲಿ, ಇಲ್ಲದಿದ್ದರೆ ಪ್ರತಿ ತಿಂಗಳೂ ಮುಟ್ಟಿನ ದಾರಿ ಕಾಯುತ್ತ ಮಾತಾಡಬೇಕಾಗುತ್ತದೆ ಎಂದು. ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಸುಲಭ, ಆದರೆ ಅದನ್ನು ಬಿಟ್ಟ ಮೇಲೆ ಬಸಿರು ನಿಲ್ಲುವ ಶಕ್ತಿ ಮರಳಲು ಏಳೆಂಟು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು ಹಿಡಿಯಬಹುದು. ವರ್ಷದೊಳಗೆ ಮನಸ್ಸು ಮಾಡಬಹುದು ಅನ್ನುವವರಿಗೆ ಕಾಪರ್-ಟಿ ವಾಸಿ, ತೆಗೆಸಿದರೆ ಹೆಚ್ಚು ಕಾಯಬೇಕಾಗಿಲ್ಲ. ನಾವು ಅದನ್ನೇ ಆರಿಸಿಕೊಂಡೆವು.

ರಜೆಯ ದಿನ ಸಂಜೆ ಮೌಳಂಗಿ ಕಡೆಗೆ ಕಾಳಿಯ ದಂಡೆಗೆ ನಡೆದು ಹೋಗುತ್ತ ಮಾತಾಡಿದೆವು. ಮುಖ ಮುಖ ನೋಡದೆ ಪಕ್ಕಪಕ್ಕದಲ್ಲಿ ನಡೆಯುವಾಗ ಆಡಲು ಕಷ್ಟವಾದ ಮಾತು ಸುಲಭವಾಗಿ ಬರುತ್ತದೆ. ಹೋಗುವಾಗ ಒಬ್ಬರು ಹೇಳಬೇಕು, ಬರುವಾಗ ಇನ್ನೊಬ್ಬರು. ಕೇಳುವವರು ಉತ್ತರ ಕೊಡುವ ಹಾಗಿಲ್ಲ, ತಮಗೆ ಕೇಳಿಸಿದ್ದನ್ನು ತಿರುಗಿ ಹೇಳಬಹುದು ಅಷ್ಟೇ. ಆ ದಿನ ಯಾವ ತೀರ್ಮಾನವೂ ಇಲ್ಲ. ಅತ್ತೆ, ಅವ್ವ, ಅಕ್ಕಂದಿರ ಹೆಸರು ಎತ್ತುವ ಹಾಗಿಲ್ಲ.

ನಾನು ಜೋಲಿಯ ಕತೆ ಹೇಳಿದೆ. ಇವರು ಅದನ್ನು ತಿರುಗಿ ಹೇಳುವಾಗ ‘ಅಂದರ ನಿನಗ ಅಂಜಿಕೆ ಕೂಸಿಂದಲ್ಲ, ಹಾದೀದು’ ಎಂದರು. ಅದು ಪೂರ್ತಿ ನಿಜವಲ್ಲದಿದ್ದರೂ ಮುಕ್ಕಾಲು ನಿಜ. ಹಾದಿಯ ಅಂಜಿಕೆಗೆ ಮಾಡಬಹುದಾದ್ದು ಇದೆ. ಮಳೆಗಾಲದಲ್ಲಿ ದಿನ ತುಂಬುವುದಾದರೆ ಏಳನೆಯ ತಿಂಗಳ ನಂತರ ತವರಿಗೆ ಹೋಗುವುದಿಲ್ಲ, ಅವ್ವನೇ ದಾಂಡೇಲಿಗೆ ಬರಲಿ. ದಾಂಡೇಲಿಯಿಂದ ಧಾರವಾಡ ಸುಮಾರು ಒಂದೂವರೆ ತಾಸಿನ ದಾರಿ, ತೊಡಕಿನ ಹೆರಿಗೆ ಎಂದು ಡಾಕ್ಟರು ಮೊದಲೇ ಹೇಳಿದರೆ ಕೊನೆಯ ವಾರಗಳಿಗೆ ಅಲ್ಲೇ ಕೋಣೆ ಹಿಡಿಯುವುದು. ರಕ್ತದ ಗುಂಪು ಹೊಂದುವ ಇಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು. ಹಿಮೋಗ್ಲೋಬಿನ್ ನೋಡಿಸಿದಾಗ 10 ಇತ್ತು. ಬಸುರಿಯಲ್ಲದ ಹೆಣ್ಣಿಗೆ 12 ಆದರೂ ಇರಬೇಕು. ರಕ್ತ ಕಡಿಮೆ ಇದ್ದವಳಿಗೆ ಹೆರಿಗೆಯ ರಕ್ತಸ್ರಾವ ತಡೆದುಕೊಳ್ಳುವುದು ಕಷ್ಟ, ಹಾಗಾಗಿ ನನ್ನ ಅಂಜಿಕೆಯಲ್ಲಿ ಒಂದು ಪಾಲಿಗೆ ಕಬ್ಬಿಣದ ಮಾತ್ರೆಯೇ ಉತ್ತರವಾಗಿತ್ತು.

ಇವರ ಅಂಜಿಕೆಗೆ ಮಾತ್ರೆ ಇಲ್ಲ. ಕಾಳಿಯ ಕಡೆ ನೋಡುತ್ತ ‘ನಾನೂ ಅಪ್ಪನಂಗ ಬಾಗಲಾ ಹಾಕ್ಕೊಂಡು ಮಲಗಿದರ?’ ಎಂದರು. ಹಾಗಾಗುವುದಿಲ್ಲ ಬಿಡಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ‘ನಿಮಗ ಅಪ್ಪ ಸಿಗಲಿಲ್ಲ, ನಿಮ್ಮ ಕೂಸಿಗೂ ಸಿಗಲಿಕ್ಕಿಲ್ಲ ಅಂತ ಅಂಜಿಕೆ’ ಎಂದಷ್ಟೇ ಹೇಳಿದೆ. ಇವರು ಬಹಳ ಹೊತ್ತು ಸುಮ್ಮನೆ ನಡೆದರು. ಆಮೇಲೆ ತಾವಾಗಿಯೇ ಲೆಕ್ಕ ಹಾಕತೊಡಗಿದರು. ರಾತ್ರಿ ಪಾಳಿಯ ವಾರದಲ್ಲಿ ಬೆಳಿಗ್ಗೆ ಬಂದ ಕೂಡಲೇ ಮಲಗದೆ, ಕೂಸಿನ ಸ್ನಾನ ತಾವೇ ಮಾಡಿಸಿ ಆಮೇಲೆ ಮಲಗಬಹುದಲ್ಲ ಎಂದರು. ಹೆಂಡತಿ ಹೆತ್ತಾಗ ಖಾಸಗಿ ಕಾರ್ಖಾನೆಯ ಗಂಡಸಿಗೆ ರಜೆ ಕೊಡಲೇಬೇಕು ಎಂಬ ಕಾನೂನು ನಮ್ಮಲ್ಲಿಲ್ಲ. ಕಾರ್ಖಾನೆಯಲ್ಲಿ ದುಡಿಯುವ ಹೆಂಗಸಿಗೆ ಮೊದಲ ಎರಡು ಮಕ್ಕಳಿಗೆ 26 ವಾರದ ಸಂಬಳಸಹಿತ ರಜೆ 2017ರಿಂದ ಇದೆ. ಇವರಿಗೆ ಸಿಗುವುದು ವರ್ಷದ ತಮ್ಮ ರಜೆ ಕೂಡಿಟ್ಟಷ್ಟೇ. ಅದನ್ನು ಜಾತ್ರೆಗೂ ಮದುವೆಗಳಿಗೂ ಖರ್ಚು ಮಾಡದೆ ಕೂಡಿಡಲು ಶುರುಮಾಡಿದರು.

ಎಲ್ಲ ಅಂಜಿಕೆಯೂ ಹೀಗೆ ನಡೆದಾಡಿ ಮಾತಾಡಿದರೆ ಹಗುರವಾಗುವುದಿಲ್ಲ. ಕೆಲವರಿಗೆ ಹೆರಿಗೆಯ ಭಯ ಕನಸಿನಲ್ಲಿ ಬಂದು ಎಬ್ಬಿಸುತ್ತದೆ, ಬಸುರಿಯನ್ನು ಕಂಡರೆ ಎದೆ ಬಡಿದುಕೊಳ್ಳುತ್ತದೆ, ಗಂಡ ಹತ್ತಿರ ಬಂದರೂ ನಡುಕ ಬರುತ್ತದೆ, ಮುಟ್ಟು ಎರಡು ದಿನ ತಡವಾದರೆ ಅನ್ನ ಸೇರುವುದಿಲ್ಲ. ಮನೋವೈದ್ಯರಲ್ಲಿ ಇದಕ್ಕೆ ಟೋಕೋಫೋಬಿಯಾ ಎಂಬ ಹೆಸರೇ ಇದೆ, ಚಿಕಿತ್ಸೆಯೂ ಇದೆ. ಅಂಥವಳಿಗೆ ಎಲ್ಲರೂ ಹಡೆದಿಲ್ಲವೇ ಎಂದು ಕೇಳುವುದು ಕ್ರೂರ. ನಮ್ಮ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ, ಅಲ್ಲಿವರೆಗೆ ಹೋಗಲಾಗದಿದ್ದರೆ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮಳೆ ಮುಗಿದ ಮೇಲೆ ಮತ್ತೆ ಚೀಟಿ ಬರೆದೆವು. ನನ್ನ ಅಂಜಿಕೆ 9ರಿಂದ 6ಕ್ಕೆ ಬಂದಿತ್ತು. ಇವರದು 7ರಲ್ಲೇ ಇತ್ತು. ಇಳಿಯದಿದ್ದುದಕ್ಕೆ ಇವರು ಸಂಕೋಚಪಟ್ಟರು. ಇಳಿಯಲೇಬೇಕು ಎಂದು ನಾನು ಕೇಳಲಿಲ್ಲ. ಬೇಕು ಎನ್ನುವ ಅಂಕಿ ಇಬ್ಬರದೂ 8 ಇತ್ತು. ಗೆಳತಿ ಹೇಳಿದಂತೆ ಫೋಲಿಕ್ ಆಸಿಡ್ ಮಾತ್ರೆ ಶುರುಮಾಡಿದ್ದೇನೆ. ಕೂಸಿನ ಬೆನ್ನುಹುರಿ ಸರಿಯಾಗಿ ಕೂಡಿಕೊಳ್ಳಲು ಬಸಿರು ನಿಲ್ಲುವುದಕ್ಕೆ ಒಂದು ತಿಂಗಳಾದರೂ ಮೊದಲೇ ಅದನ್ನು ತೆಗೆದುಕೊಳ್ಳಬೇಕು. ಕಾಪರ್-ಟಿ ತೆಗೆಸುವ ದಿನ ಇನ್ನೂ ಗೊತ್ತುಮಾಡಿಲ್ಲ. ಅದಕ್ಕೂ ಮೊದಲು, ಹೆರಿಗೆ ಮಳೆಗಾಲಕ್ಕೆ ಬಂದರೆ ಬಾಣಂತನ ತವರಿನಲ್ಲಿ ಆಗುವುದಿಲ್ಲ ಎಂದು ಅವ್ವನಿಗೆ ಹೇಳಬೇಕು. ಅದನ್ನು ನಾನೊಬ್ಬಳೇ ಹೇಳುವುದಲ್ಲ, ಇಬ್ಬರೂ ತವರಿಗೆ ಹೋಗಿ ಅವ್ವನ ಎದುರು ಕೂತು ಹೇಳುವುದೆಂದು ಮಾತಾಗಿದೆ.