ಹಿಂದಲೆಯ ಬಿಳಿ

ಮನೆಯಲ್ಲೇ ತಲೆಗೆ ಡೈ ಹಚ್ಚಿಕೊಂಡವರ ಕೆಲಸ ಹೇಗಾಗಿದೆ ಎಂದು ನೋಡಬೇಕಾದರೆ ಕಾರವಾರದಿಂದ ಅಂಕೋಲೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂರಬೇಕು. ಎದುರಿನಿಂದ ಕಂಡಾಗ ಎಲ್ಲರೂ ಇಪ್ಪತ್ತೈದರ ಹರೆಯದವರೇ. ಹಿಂದಿನಿಂದ ನೋಡಿದರೆ ಒಬ್ಬರ ನೆತ್ತಿಯಲ್ಲಿ ಅಂಗೈಯಗಲ ಬಿಳಿ, ಇನ್ನೊಬ್ಬರ ಹೆಗ್ಗತ್ತಿನ ಮೇಲೆ ಹಿತ್ತಾಳೆ ಬಣ್ಣದ ಪಟ್ಟೆ, ಕಿವಿಯ ಹಿಂದೆ ಯಾರೂ ಮುಟ್ಟದ ಒಂದು ಗೊಂಚಲು. ಕನ್ನಡಿ ತೋರಿಸಿದಷ್ಟಕ್ಕೆ ಮಾತ್ರ ಬಣ್ಣ ಬಿದ್ದಿರುತ್ತದೆ.

ಅಂಕೋಲೆಯ ನನ್ನ ಅತ್ತೆಗೆ ಇದು ತಿಳಿದದ್ದು ಬಂಡಿಹಬ್ಬದ ವಾರದಲ್ಲಿ. ಮುಂಬಯಿಯ ನೆಂಟರೆಲ್ಲ ಬರುವ ಹೊತ್ತು. ಬುಧವಾರ ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಕೂತು ಒಂದು ಪ್ಯಾಕೆಟ್ ಕ್ರೀಮ್ ಡೈ ಮುಗಿಸಿ, ತೊಳೆದು, ಒದ್ದೆ ಕೂದಲನ್ನೇ ತುರುಬು ಕಟ್ಟಿ ಮಲಗಿದ್ದಳು. ಗುರುವಾರ ಬೆಳಿಗ್ಗೆ ಫೋನು: “ಮಗಾ, ಹಿಂದ್ಗಡೆ ಬೆಳ್ಳಗೇ ಉಳ್ದದೆ ಅಂತದೆ ಆಚೆಮನೆದು. ಇನ್ನೊಂದು ಪ್ಯಾಕೆಟ್ ತರ್ಸಿ ಇವತ್ತೇ ಇಡೀ ತಲೆಗೆ ಬಳ್ಕಂಡ್ಬಿಡ್ಲಾ?”

ಬೇಡ ಎಂದೆ. ಇಡೀ ತಲೆಗೂ ಬೇಡ, ಇವತ್ತೂ ಬೇಡ. ಈ ಎರಡು ಬೇಡಗಳಿಗೂ ಬೇರೆ ಬೇರೆ ಕಾರಣ ಇದೆ.

ಮೊದಲನೆಯದು ಸುಲಭ. ಕಪ್ಪು ಡೈ ಹಚ್ಚಿದಷ್ಟೂ ಕೂದಲಿನ ಕಪ್ಪು ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ಇಡೀ ತಲೆಗೆ ಎರಡನೇ ಸಲ ಬಳಿದರೆ ಬಿಳಿ ಇದ್ದದ್ದು ಕಂದಾಗುತ್ತದೆ, ನಿಜ. ಆದರೆ ಮೊದಲೇ ಕಪ್ಪಾದದ್ದು ಕಾಡಿಗೆಯಾಗುತ್ತದೆ, ಅಂತರ ಅಷ್ಟೇ ಉಳಿಯುತ್ತದೆ. ಜೊತೆಗೆ ಅಮೋನಿಯಾ, ಪೆರಾಕ್ಸೈಡ್ ಕುಡಿದ ಕೂದಲ ಸಿಪ್ಪೆ ಸ್ವಲ್ಪ ಬಾಯಿ ತೆರೆದುಕೊಂಡೇ ಇರುತ್ತದೆ. ಅದು ಎರಡನೇ ಸಲದ ಬಣ್ಣವನ್ನು ಇನ್ನೂ ಬೇಗ ಹೀರುತ್ತದೆ. ತುದಿಗಳು ಒರಟಾಗಿ, ಹೊಳಪು ಸತ್ತು, ವಿಗ್ಗಿನ ಹಾಗೆ ಕಾಣತೊಡಗುವುದು ಹೀಗೆ. ನೀರ್‌ದೋಸೆ ಹೊಯ್ಯುವವಳು ಕಾವಲಿಯ ಮೇಲೆ ತೂತು ಉಳಿದರೆ ಅಲ್ಲಿಗಷ್ಟೇ ಹಿಟ್ಟು ಚಿಮುಕಿಸುತ್ತಾಳೆ, ದೋಸೆಯ ಮೇಲೆ ಇನ್ನೊಂದು ದೋಸೆ ಹೊಯ್ಯುವುದಿಲ್ಲ. ಅತ್ತೆಗೆ ಇಷ್ಟು ಹೇಳಿದ್ದೇ ಅರ್ಥವಾಯಿತು.

ಎರಡನೆಯದನ್ನು ಒಪ್ಪಿಸುವುದು ಕಷ್ಟವಾಯಿತು. ಕ್ರೀಮ್ ಡೈಯ ಬಣ್ಣ ತಲೆ ತೊಳೆಯುವಷ್ಟರಲ್ಲಿ ಕಟ್ಟಿ ಮುಗಿದಿರುತ್ತದೆ, ಆಮೇಲೆ ತಾನಾಗಿ ಗಾಢವಾಗುವುದು ಹೆಚ್ಚೇನಿಲ್ಲ. ಹಾಗಾದರೆ ಕಾಯುವುದು ಏತಕ್ಕೆ? ಒಂದು, ಒದ್ದೆ ಕೂದಲು ಸುಳ್ಳು ಹೇಳುತ್ತದೆ. ನೀರು ಹಿಡಿದ ಕೂದಲು ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ತುರುಬಿನ ಒಳಗಿನ ಕೂದಲು ಮಾರನೆಯ ದಿನವೂ ತೇವವಾಗಿಯೇ ಇರುತ್ತದೆ, ಆಷಾಢದ ಮಳೆಯಲ್ಲಂತೂ ಕೇಳುವುದೇ ಬೇಡ. ಪೂರ್ತಿ ಒಣಗಿದ ತಲೆಯನ್ನು ಹಗಲು ಬೆಳಕಿನಲ್ಲಿ ನೋಡುವ ತನಕ ಎಲ್ಲಿ ಎಷ್ಟು ಬಿಳಿಚಿದೆ ಎಂಬುದು ಗೊತ್ತಾಗುವುದಿಲ್ಲ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿ ಇರುವ ಪಿಪಿಡಿ, ಅಂದರೆ ಪ್ಯಾರಾ ಫೀನೈಲೀನ್ ಡೈಅಮೈನ್ ಎಂಬ ರಾಸಾಯನಿಕಕ್ಕೆ ಕೆಲವರ ಮೈ ಒಗ್ಗುವುದಿಲ್ಲ. ಆ ಅಲರ್ಜಿ ಹಚ್ಚಿದ ಗಳಿಗೆಯಲ್ಲೇ ಕಾಣಿಸಿಕೊಳ್ಳಬೇಕೆಂದಿಲ್ಲ. ಹೆಚ್ಚಾಗಿ ಒಂದರಿಂದ ಮೂರು ದಿನದೊಳಗೆ ಏಳುತ್ತದೆ: ಕಿವಿಯ ಸುತ್ತ ತುರಿಕೆ, ಹಣೆಯಂಚಿನಲ್ಲಿ ಕೆಂಪು, ಕಣ್ಣಿನ ರೆಪ್ಪೆ ಊದುವುದು. ಹತ್ತು ವರ್ಷ ಹಚ್ಚಿಯೂ ಏನೂ ಆಗದವರಿಗೆ ಹನ್ನೊಂದನೇ ವರ್ಷ ಆಗಬಹುದು. ಹೊಸ ಪ್ಯಾಕೆಟ್ ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ನೋಡಿ ಎನ್ನುವುದೂ ಇದಕ್ಕೇ. ಬುಧವಾರದ ಡೈಗೆ ಅತ್ತೆಯ ತಲೆ ಏನು ಉತ್ತರ ಕೊಡುತ್ತದೆ ಎಂದು ತಿಳಿಯುವ ಮೊದಲೇ ಗುರುವಾರ ಇನ್ನೊಂದು ಸುತ್ತು ಬಳಿದರೆ ಉರಿಯುವ ಬೆಂಕಿಗೆ ಎಣ್ಣೆ ಸುರಿದಂತೆಯೇ. ತುರಿಕೆ, ಊತ ಬಂದರೆ ತೇಪೆಯ ಮಾತೇ ಇಲ್ಲ. ಚರ್ಮದ ಡಾಕ್ಟರ ಹತ್ತಿರ ಹೋಗಬೇಕು, ಆ ಬಗೆಯ ಡೈಯನ್ನು ಮತ್ತೆ ಮುಟ್ಟಬಾರದು.

ಅದಕ್ಕೇ ನನ್ನ ಲೆಕ್ಕ ಎರಡರಿಂದ ಮೂರು ದಿನ. ಬಣ್ಣವೇ ತಾಗದ ಜಾಗಕ್ಕೆ ಅದೇ ದಿನ ಮತ್ತೆ ಹಚ್ಚುವವರಿದ್ದಾರೆ, ಎಷ್ಟೋ ಸಲ ಏನೂ ಆಗುವುದಿಲ್ಲ. ಎರಡು ವಾರ ಕಾಯಿರಿ ಎನ್ನುವವರೂ ಇದ್ದಾರೆ. ಅದು ಇಡೀ ತಲೆಗೆ ಮತ್ತೆ ಬಳಿಯುವವರಿಗೆ ಸರಿಯಾದ ಮಾತು. ಬೆರಳಗಲದ ತೇಪೆಗೆ ಅಷ್ಟು ದಿನ ಸೆರಗು ಹೊದ್ದು ಓಡಾಡಬೇಕಾಗಿಲ್ಲ.

ಶನಿವಾರ ನಾನು ಹೋದಾಗ ಅತ್ತೆಗೆ ತುರಿಕೆ ಇರಲಿಲ್ಲ, ಸಿಟ್ಟು ಮಾತ್ರ ಇತ್ತು. ಹೊರಜಗಲಿಯಲ್ಲಿ ಬೆಳಕಿಗೆ ಬೆನ್ನು ಮಾಡಿ ಕೂರಿಸಿ, ಬಾಚಣಿಗೆಯ ಬಾಲದಿಂದ ಬೈತಲೆ ತೆಗೆಯುತ್ತ ಹೋದೆ. ಬಿಳಿ ಎಂದರೆ ಎಲ್ಲವೂ ಒಂದೇ ಬಿಳಿಯಲ್ಲ. ನೆತ್ತಿಯ ಎಡಕ್ಕೆ ಇದ್ದದ್ದು ಅಂಚು ಕತ್ತರಿಸಿದಂಥ ಅಪ್ಪಟ ಬಿಳಿ. ಅಲ್ಲಿಗೆ ಬ್ರಷ್ ಹೋಗಿಯೇ ಇಲ್ಲ. ಹಿಂಭಾಗದಲ್ಲಿ ಇದ್ದದ್ದು ಬಿಳಿಯೂ ಅಲ್ಲದ ಕಪ್ಪೂ ಅಲ್ಲದ ತಾಮ್ರದ ಬಣ್ಣ. ಅಲ್ಲಿ ಡೈ ಹೋಗಿದೆ, ಸಾಲಲಿಲ್ಲ. ಮೊಣಕೈ ಮುಟ್ಟುವ ಕೂದಲಿಗೆ 20 ಗ್ರಾಂ ಕ್ರೀಮು, 20 ಮಿಲಿ ಡೆವಲಪರಿನ ಒಂದೇ ಪ್ಯಾಕೆಟ್ ಎಲ್ಲಿ ಸಾಕಾಗುತ್ತದೆ? ಕೊನೆಕೊನೆಗೆ ತೆಳ್ಳಗೆ ಎಳೆದಿದ್ದಾಳೆ, ಅದೂ ಗಾಳಿಗೆ ಒಣಗಿದೆ. ಮೂರನೆಯದು ಕಿವಿಯ ಮುಂದಿನ ಕೂದಲು. ದಪ್ಪ, ಗಾಜಿನಂತೆ ಮಿರುಗುವ ಮೊಂಡು ನರೆ. ಅದರ ಹೊರಸಿಪ್ಪೆ ಬಿಗಿ, ಬಣ್ಣ ತಾಗಿದರೂ ಒಳಗೆ ಇಳಿಯುವುದಿಲ್ಲ. ಮೇಲಾಗಿ ಅತ್ತೆಯ ಬಾವಿ ಕಡಲಿಗೆ ಹತ್ತಿರ, ನೀರು ಸಪ್ಪೆಯಲ್ಲ. ಅಂಥ ನೀರಿನಲ್ಲಿ ಶಾಂಪೂ ಸರಿಯಾಗಿ ನೊರೆ ಬರುವುದಿಲ್ಲ, ನಿತ್ಯ ಹಚ್ಚುವ ಕೊಬ್ಬರಿ ಎಣ್ಣೆ ಪೂರ್ತಿ ಬಿಡುವುದಿಲ್ಲ. ಎಣ್ಣೆ ಉಳಿದಲ್ಲಿ ಡೈ ಸಮನಾಗಿ ಹಿಡಿಯುವುದಿಲ್ಲ.

ಹಾಗಾಗಿ ಮೊದಲು ನಳದ ನೀರಿನಲ್ಲಿ ತೊಳೆಸಿ ಒಣಗಿಸಿದ್ದು. ತೊಳೆಯುವಾಗ ಬುಡವನ್ನು ಉಗುರಿನಿಂದ ತಿಕ್ಕಬೇಡ ಎಂದೆ, ಗೀರಿದ ಚರ್ಮಕ್ಕೆ ಡೈ ಉರಿಯುತ್ತದೆ. ಕಪ್ಪಾದ ಕೂದಲನ್ನೆಲ್ಲ ಕ್ಲಿಪ್ಪಿನಲ್ಲಿ ಕಟ್ಟಿ ಮೇಲೆತ್ತಿದೆ. ತೇಪೆಯ ಪಕ್ಕದ ಕಪ್ಪು ಕೂದಲಿಗೆ ತೆಳ್ಳಗೆ ಕಂಡಿಷನರ್ ಸವರಿದೆ, ಹೊಸ ಬಣ್ಣ ಅದರ ಮೇಲೆ ಅಂಟದಿರಲಿ ಎಂದು. ಹಣೆಯಂಚಿಗೆ, ಕಿವಿಗೆ ವ್ಯಾಸಲಿನ್. ಅದೇ ಕಂಪನಿಯ, ಅದೇ ನಂಬರಿನ ಪ್ಯಾಕೆಟ್ಟಿನ ಎರಡೂ ಟ್ಯೂಬುಗಳಿಂದ ಸಮಪಾಲು ಹಿಂಡಿ ಪ್ಲಾಸ್ಟಿಕ್ ಬಟ್ಟಲಲ್ಲಿ ಕಲಸಿದೆ. ಸ್ಟೀಲ್ ಲೋಟ ತರಲು ಎದ್ದ ಅತ್ತೆಯನ್ನು ಕೂರಿಸಬೇಕಾಯಿತು. ಕಲಸಿದ ಮೇಲೆ ಅದು ಬಟ್ಟಲಲ್ಲೇ ಕಪ್ಪಾಗುತ್ತ ತನ್ನ ಶಕ್ತಿ ಕಳೆದುಕೊಳ್ಳುತ್ತದೆ, ನಾಳೆಗೆಂದು ಎತ್ತಿಡಬಾರದು. ಮುಚ್ಚಳ ಬಿಗಿದಿಟ್ಟರೆ ಒಳಗೆ ಗಾಳಿ ತುಂಬಿ ಸಿಡಿಯಬಹುದು.

ಹಚ್ಚುವ ಸರದಿಯೇ ಇಲ್ಲಿ ಮುಖ್ಯ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೊದಲು ಕಿವಿಯ ಮುಂದಿನ ಮೊಂಡು ನರೆಗೆ, ದಪ್ಪವಾಗಿ. ಆಮೇಲೆ ನೆತ್ತಿಯ ಅಪ್ಪಟ ಬಿಳಿಗೆ, ಎಳೆಎಳೆ ಬಿಡಿಸಿ, ಅಡಿಯಿಂದಲೂ ಮೇಲಿಂದಲೂ. ಈ ಎರಡಕ್ಕೂ ಪ್ಯಾಕೆಟ್ಟು ಹೇಳುವ ಪೂರ್ತಿ 30 ನಿಮಿಷ ಬೇಕು, ಎಣಿಕೆ ಶುರುವಾಗುವುದು ಹಚ್ಚಿ ಮುಗಿದ ಮೇಲೆ. ತಾಮ್ರದ ಪಟ್ಟೆ ಅರ್ಧ ದಾರಿ ಈಗಾಗಲೇ ನಡೆದಿದೆ. ಅದಕ್ಕೂ ಅರ್ಧ ಗಂಟೆ ಬಿಟ್ಟರೆ ಸುತ್ತಲಿನದಕ್ಕಿಂತ ಕಪ್ಪಾಗಿ, ಬಿಳಿ ತೇಪೆಯ ಬದಲು ಕರಿ ತೇಪೆ ಕೂರುತ್ತದೆ. ಅದನ್ನು ಕೊನೆಯ 15 ನಿಮಿಷಕ್ಕೆಂದು ಇಟ್ಟುಕೊಂಡೆ. ಅಷ್ಟರಲ್ಲಿ ಮೊದಲು ಕಲಸಿದ್ದು ಕಪ್ಪಾಗಿತ್ತು, ಇನ್ನೊಂದು ಚಮಚದಷ್ಟನ್ನು ಹೊಸದಾಗಿ ಕಲಸಿದೆ. ಗಡಿಯಾರಕ್ಕಿಂತ ಹತ್ತಿಯ ಉಂಡೆಯನ್ನು ನಂಬುವುದು ಒಳ್ಳೆಯದು. ನೀರಲ್ಲಿ ಅದ್ದಿದ ಹತ್ತಿಯಿಂದ ನಾಲ್ಕು ಎಳೆ ಒರೆಸಿ, ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಪಕ್ಕದ ಕೂದಲಿನ ಜೊತೆ ಹಿಡಿದು ನೋಡಿದರೆ ಆಯಿತು. ಹತ್ತನೇ ನಿಮಿಷಕ್ಕೆ ತಾಮ್ರ ಇನ್ನೂ ಇಣುಕುತ್ತಿತ್ತು, ಹದಿಮೂರಕ್ಕೆ ಮಾಯವಾಯಿತು, ಉಳಿದವುಗಳ 30 ನಿಮಿಷ ಮುಗಿದ ಕೂಡಲೇ ತೊಳೆಸಿದೆ. ನೆತ್ತಿ ಸರಿಹೋಯಿತು. ಕಿವಿಯ ಮುಂದೆ ಮುಕ್ಕಾಲು ಪಾಲು ಹಿಡಿಯಿತು, ಏಳೆಂಟು ಎಳೆ ಹಾಗೇ ಉಳಿದವು. “ಇರ್ಲಿ ಬಿಡು, ನನ್ ವಯಸ್ಸಿಗೆ ಇಷ್ಟಾದ್ರೂ ಬೇಕಲೇ” ಎಂದಳು ಅತ್ತೆ. ನೆಂಟರಿಗಾಗಿಯೇ ಇಷ್ಟೆಲ್ಲ ಮಾಡಿಸಿದವಳು!

ಮದರಂಗಿಯವರ ಕಥೆ ಬೇರೆ, ಅವರ ಕಾಯುವಿಕೆಯೂ ಬೇರೆ. ಮದರಂಗಿ ಹಚ್ಚಿ ಅದರ ಮೇಲೆ ಇಂಡಿಗೊ, ಅಂದರೆ ನೀಲಿ ಎಲೆಯ ಪುಡಿ ಹಚ್ಚುವವರ ತಲೆ ತೊಳೆದ ದಿನ ಹಸಿರು ಹಸಿರಾಗಿ ಕಂಡರೆ ಗಾಬರಿ ಬೀಳುವಂಥದ್ದಿಲ್ಲ. ನೀಲಿ ಗಾಳಿಗೆ ಒಡ್ಡಿಕೊಂಡು ಗಾಢವಾಗಲು ಎರಡು ಮೂರು ದಿನ ತೆಗೆದುಕೊಳ್ಳುತ್ತದೆ. ಅಷ್ಟು ದಿನ ಶಾಂಪೂ ಇಲ್ಲ, ತೀರ್ಪೂ ಇಲ್ಲ. ಆಮೇಲೂ ತೇಪೆ ಉಳಿದಿದ್ದರೆ ಅದರ ಬಣ್ಣವೇ ಮದ್ದನ್ನು ಹೇಳುತ್ತದೆ. ಕೇಸರಿ ಇದ್ದರೆ ಮದರಂಗಿ ಹಿಡಿದಿದೆ, ನೀಲಿ ಹಿಡಿದಿಲ್ಲ, ಅಲ್ಲಿಗೆ ನೀಲಿ ಮಾತ್ರ ಸಾಕು. ಮಾಸಲು ಹಸಿರೋ ಬಿಳಿಯೋ ಇದ್ದರೆ ಅಡಿಯಲ್ಲಿ ಮದರಂಗಿಯೇ ಇಲ್ಲ. ಬರೀ ನರೆಯ ಮೇಲೆ ನೀಲಿ ಸರಿಯಾಗಿ ಕೂರದು, ಮೊದಲು ಆ ಜಾಗಕ್ಕೆ ಮದರಂಗಿ, ತೊಳೆದು ನೀಲಿ. ನಮ್ಮ ಮಳೆಗಾಲದಲ್ಲಿ ತೆರೆದಿಟ್ಟ ನೀಲಿ ಪುಡಿ ತೇವ ಕುಡಿದು ಸಪ್ಪೆಯಾಗುವುದುಂಟು, ಡಬ್ಬಿಯ ಬಾಯಿ ಗಟ್ಟಿ ಇರಬೇಕು.

ಪೇಟೆಯಲ್ಲಿ ‘ಕಪ್ಪು ಮೆಹಂದಿ’ ಎಂದು ಮಾರುವ ಪುಡಿಯನ್ನು ಮಾತ್ರ ಈ ಸಾಲಿಗೆ ಸೇರಿಸಬಾರದು. ಅರ್ಧ ಗಂಟೆಯಲ್ಲಿ ಕರ್ರಗೆ ಮಾಡುವ ಮೆಹಂದಿಯ ಪೊಟ್ಟಣ ತಿರುಗಿಸಿ ಓದಿದರೆ ಸಾಮಾನ್ಯವಾಗಿ ಅದೇ ಪಿಪಿಡಿ ಸಿಗುತ್ತದೆ. ಅದಕ್ಕೆ ಕ್ರೀಮ್ ಡೈಯ ಕಾಯುವಿಕೆ, ಕ್ರೀಮ್ ಡೈಯ ಎಚ್ಚರಿಕೆ. ಏನು ಬೆರೆಸಿದ್ದಾರೆಂದೇ ಬರೆಯದ ಪುಡಿ ಹಚ್ಚಿದ ತಲೆಗೆ ಪೆರಾಕ್ಸೈಡಿನ ಡೈ ಹಾಕುವುದಾದರೆ ಮೊದಲು ಬಾಚಣಿಗೆಗೆ ಬಂದ ಕೂದಲ ಮೇಲೆ ಪ್ರಯೋಗ ಮಾಡಿ. ಕೆಲವು ಪುಡಿಗಳಲ್ಲಿರುವ ಲೋಹದ ಲವಣ ಪೆರಾಕ್ಸೈಡ್ ತಾಗಿದರೆ ಬಿಸಿಯೇರಿ ಕೂದಲನ್ನೇ ಸುಡುತ್ತದೆ.

ಅತ್ತೆ ಉಳಿದ ಏಳೆಂಟು ಎಳೆಗೆ ಮೂರನೇ ಸಲ ಹಚ್ಚೋಣವೇ ಎಂದು ಹಬ್ಬ ಕಳೆದ ಮೇಲೂ ಕೇಳಿದಳು. ಇಲ್ಲ ಎಂದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನಾಲ್ಕೈದು ವಾರಕ್ಕೆ ಬುಡದಲ್ಲಿ ಹೇಗೂ ಬಿಳಿ ಗೆರೆ ಏಳುತ್ತದೆ, ಆಗ ಬುಡಕ್ಕೆ ಮಾತ್ರ ಹಚ್ಚುವಾಗ ಈ ಎಳೆಗಳನ್ನೂ ಸೇರಿಸಿಕೊಂಡರಾಯಿತು. ಆ ಸಲ ಪ್ಯಾಕೆಟ್ ಎರಡು ಇರಲಿ, ಶುರು ಕಿವಿಯ ಮುಂದಿನಿಂದ ಆಗಲಿ, ಹಿಂದಲೆಗೆ ಆಚೆಮನೆಯವಳನ್ನೇ ಕರೆಯಲಿ. ಹೇಗೂ ಮೊದಲು ನೋಡುವವಳು ಅವಳೇ.