ಕಳೆದದ್ದಲ್ಲ, ಕಳುವಾದದ್ದು

ಮೈಸೂರಿನಲ್ಲಿ ಕೆಲಸಕ್ಕಿರುವ ನನ್ನ ತಮ್ಮನ ಆಫೀಸ್ ಲ್ಯಾಪ್‌ಟಾಪ್ ಹೋದದ್ದು ಕುವೆಂಪುನಗರದ ಒಂದು ಹೋಟೆಲಿನಲ್ಲಿ. ಬ್ಯಾಗನ್ನು ಕುರ್ಚಿ ಮೇಲಿಟ್ಟು ಕೈ ತೊಳೆಯೋಕೆ ಹೋದ, ಬರೋಷ್ಟರಲ್ಲಿ ಬ್ಯಾಗ್ ಇಲ್ಲ. ಯಾರೋ ಒಬ್ಬ ಬ್ಯಾಗ್ ಹೆಗಲಿಗೇರಿಸಿಕೊಂಡು ಹೋಗಿದ್ದು ಕ್ಯಾಮೆರಾದಲ್ಲಿ ಸ್ಪಷ್ಟವಾಗಿತ್ತು. ಇಷ್ಟೆಲ್ಲ ಇದ್ದೂ ಠಾಣೆಯ ರೈಟರ್ ಹೇಳಿದ್ದು ಒಂದೇ ಮಾತು: "ನೀವೇ ಬಿಟ್ಟು ಹೋಗಿದ್ರಲ್ಲಾ, ಇ-ಲಾಸ್ಟ್‌ನಲ್ಲಿ ಹಾಕ್ಕೊಳ್ಳಿ."

ಕನ್ನಡದಲ್ಲಿ 'ಕಳೆದಿದೆ'ಗೂ 'ಕಳುವಾಗಿದೆ'ಗೂ ಅಕ್ಷರದ ಅಂತರ ಅಷ್ಟೇ. ಠಾಣೆಯಲ್ಲಿ ಮಾತ್ರ ಅವೆರಡೂ ಬೇರೆ ಬೇರೆ ಲೋಕ. ಇ-ಲಾಸ್ಟ್ ಅನ್ನೋದು ಕಳೆದ ವಸ್ತುವಿಗೆ ಸಿಗುವ ರಸೀದಿ. ಡುಪ್ಲಿಕೇಟ್ ಸಿಮ್ಮಿಗೆ, ಮಾರ್ಕ್ಸ್ ಕಾರ್ಡಿಗೆ ಅದು ಸಾಕು. ಆದರೆ ಅದರ ಹಿಂದೆ ಯಾರೂ ತನಿಖೆಗೆ ಹೋಗಲ್ಲ. ಎಫ್‌ಐಆರ್ ಆದರೆ ಅದೊಂದು ಅಪರಾಧ ಪ್ರಕರಣ, ಲೆಕ್ಕಕ್ಕೆ ಸೇರುತ್ತೆ, ಪತ್ತೆಯಾಗದಿದ್ದರೆ ಮೇಲಿನವರು ಕೇಳ್ತಾರೆ. ರೈಟರ್ ಸಾಹೇಬರಿಗೆ ಯಾವುದು ಇಷ್ಟ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇತ್ತ ಕಂಪನಿಯ ಎಚ್‌ಆರ್ ಎಫ್‌ಐಆರ್ ಪ್ರತಿ ಕೇಳ್ತಿತ್ತು, ಇಲ್ಲದಿದ್ದರೆ 62,000 ರೂಪಾಯಿ ಸಂಬಳದಲ್ಲಿ ಕಟ್. ಹೋಟೆಲಿನವರು ಬೇರೆ, ರೆಕಾರ್ಡಿಂಗ್ ಹದಿನೈದು ದಿನ ಮಾತ್ರ ಇರುತ್ತೆ ಅಂದಿದ್ದರು.

ಮೂರು ಸಲ ಅಲೆದ ಮೇಲೆ ತಮ್ಮ ಕಮಿಷನರ್‌ಗೆ ಎರಡು ಪುಟದ ಪತ್ರ ಬರೆದು ನನಗೆ ಕಳಿಸಿದ. ಓದಿದೆ. ವ್ಯವಸ್ಥೆ, ಭ್ರಷ್ಟಾಚಾರ, ತೆರಿಗೆ ಕಟ್ಟುವ ನಾಗರಿಕ ಎಲ್ಲ ಇತ್ತು, ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಇರಲಿಲ್ಲ.

"ಅಕ್ಕಾ, ಖಾರವಾಗಿದೆ ಅಲ್ವಾ?" ಅಂದ.

"ಖಾರ ಇದೆ ಕಣೋ, ಅನ್ನವೇ ಇಲ್ಲ."

ಆ ಪತ್ರಕ್ಕೆ ಕಾನೂನಿನಲ್ಲೇ ಒಂದು ಜಾಗ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(4) (ಹಳೇ ಸಿಆರ್‌ಪಿಸಿಯಲ್ಲಿ 154(3)). ಠಾಣೆಯಲ್ಲಿ ದೂರು ದಾಖಲಿಸದಿದ್ದರೆ ಅದರ ಸಾರಾಂಶವನ್ನು ಬರಹದಲ್ಲಿ, ಅಂಚೆ ಮೂಲಕ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು ಅನ್ನುತ್ತೆ ಅದು. ಮೈಸೂರು ನಗರದಲ್ಲಿ ಕಮಿಷನರೇಟ್ ಇರುವುದರಿಂದ ನಾವು ಬರೆದದ್ದು ನಜರ್‌ಬಾದಿನ ಕಮಿಷನರ್ ಕಚೇರಿಗೆ. ಕಲಂ ಸಂಖ್ಯೆಯನ್ನು 'ವಿಷಯ' ಅನ್ನುವ ಸಾಲಿನಲ್ಲೇ ಹಾಕಿದೆವು. ಇಲ್ಲದಿದ್ದರೆ ಅದೂ ಹತ್ತರಲ್ಲಿ ಹನ್ನೊಂದನೇ ಅರ್ಜಿ.

ಮೊದಲ ಪ್ಯಾರಾ ಕಳವಿನದು: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾವ ಮಾಡೆಲ್, ಸೀರಿಯಲ್ ನಂಬರ್, ಬೆಲೆ. ಬೆಲೆ ಬರೆಯದೆ ಬಿಡಬಾರದು. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆಯ ಸಾದಾ ಕಳವಿಗೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಹಳೇ ಹೆಡ್‌ಫೋನಿಗೆ ಈ ಪತ್ರ ನಡೆಯಲ್ಲ, ಲ್ಯಾಪ್‌ಟಾಪಿಗೆ ನಡೆಯುತ್ತೆ. ತಮ್ಮ 'ಮಿಸ್ ಆಗಿದೆ' ಅಂತ ಬರೆದಿದ್ದನ್ನು ತೆಗೆದು 'ನನ್ನ ಒಪ್ಪಿಗೆಯಿಲ್ಲದೆ ಅಪರಿಚಿತ ವ್ಯಕ್ತಿಯೊಬ್ಬ ತೆಗೆದುಕೊಂಡು ಹೋಗಿದ್ದಾನೆ' ಅಂತ ಮಾಡಿದೆವು. ಕಳವು ಅಂದರೆ ಕಾನೂನಿನ ಪ್ರಕಾರ ಹೆಚ್ಚುಕಮ್ಮಿ ಇದೇ.

ಎರಡನೇ ಪ್ಯಾರಾದಲ್ಲಿ ಠಾಣೆಗೆ ಹೋದ ಮೂರು ದಿನಾಂಕ, ಸಮಯ, ಅಲ್ಲಿ ಏನಂದರು ಅನ್ನೋದು. ವಿಶೇಷಣ ಒಂದೂ ಇಲ್ಲ. ಜೊತೆಗೊಂದು ಸಾಲು: ಲಲಿತಾ ಕುಮಾರಿ ಪ್ರಕರಣ, ಸುಪ್ರೀಂ ಕೋರ್ಟ್, 12 ನವೆಂಬರ್ 2013. ಅಪಹರಣಕ್ಕೊಳಗಾದ ಮಗಳಿಗಾಗಿ ಒಬ್ಬ ತಂದೆ ಉತ್ತರ ಪ್ರದೇಶದ ಠಾಣೆಗೆ ದೂರು ಕೊಟ್ಟರೂ ದಾಖಲಾಗದೆ, ವರಿಷ್ಠಾಧಿಕಾರಿ ತನಕ ಹೋಗಬೇಕಾಗಿ ಬಂದ ಕೇಸದು. ಪೊಲೀಸರು ತಾವೇ ತನಿಖೆ ಮಾಡಬಹುದಾದ ಅಪರಾಧ ಅಂತ ದೂರಿನಲ್ಲೇ ಕಂಡರೆ ಎಫ್‌ಐಆರ್ ಕಡ್ಡಾಯ ಅಂತ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು.

ಮೂರನೇ ಪ್ಯಾರಾದಲ್ಲಿ ಎರಡೇ ಬೇಡಿಕೆ: ಎಫ್‌ಐಆರ್ ದಾಖಲಿಸಿ ಪ್ರತಿ ಕೊಡಿಸಿ, ಹೋಟೆಲಿನ ರೆಕಾರ್ಡಿಂಗ್ ಇಂಥ ದಿನಾಂಕದೊಳಗೆ ಅಳಿಸಿಹೋಗುತ್ತೆ, ಅದನ್ನು ಉಳಿಸಿ. 'ರೈಟರ್ ಸಸ್ಪೆಂಡ್ ಆಗ್ಬೇಕು' ಅನ್ನೋದನ್ನು ತಮ್ಮ ಒಲ್ಲದ ಮನಸ್ಸಿನಿಂದ ಹೊಡೆದುಹಾಕಿದ. ಅದನ್ನಿಟ್ಟಿದ್ದರೆ ಪತ್ರ ಸಿಬ್ಬಂದಿ ಮೇಲಿನ ದೂರಾಗಿ ಬೇರೆ ಟೇಬಲ್ಲಿಗೆ ಹೋಗಿಬಿಡುತ್ತಿತ್ತು ಅಂತ ನನ್ನ ಅನುಮಾನ.

ಠಾಣೆಗೆ ಕೊಟ್ಟ ದೂರಿನ ಪ್ರತಿ ಮತ್ತು ಬಿಲ್ ಲಗತ್ತಿಸಿ ಸ್ಪೀಡ್ ಪೋಸ್ಟ್ ಮಾಡಿದ. "ಮೇಲ್ ಹಾಕಿದ್ರೆ ಆಗ್ತಿರ್ಲಿಲ್ವಾ?" ಅಂತ ಗೊಣಗಿದ. ಕಾನೂನು ಅಂಚೆ ಅಂದಿದೆ, ಅದಕ್ಕೆ. ಕಮಿಷನರ್ ಕಚೇರಿಯೂ ಸುಮ್ಮನಿದ್ದರೆ ಮುಂದಿನ ಮೆಟ್ಟಿಲು ಮ್ಯಾಜಿಸ್ಟ್ರೇಟ್ ಕೋರ್ಟು. ಅಲ್ಲಿ ಅಫಿಡವಿಟ್ ಜೊತೆ ಹೋಗಬೇಕು, ಮೊದಲು ಮೇಲಧಿಕಾರಿಗೆ ಬರೆದಿದ್ದೇವೆ ಅಂತ ತೋರಿಸಬೇಕು. ಅಂಚೆಯ ಚೀಟಿಯೇ ಅದಕ್ಕೆ ಸಾಕ್ಷಿ.

ಆರನೇ ದಿನ ಅದೇ ಠಾಣೆಯಿಂದ ಫೋನು. "ಕಮಿಷನರ್‌ಗೆ ಯಾಕ್ ಬರೆಯೋಕ್ ಹೋದ್ರಿ, ನಮ್ಗೇ ಹೇಳಿದ್ರೆ ಆಗ್ತಿತ್ತಲ್ಲಾ" ಅಂದರಂತೆ ಅದೇ ರೈಟರ್. ಎಫ್‌ಐಆರ್ ಆಯಿತು, ಪ್ರತಿ ಉಚಿತವಾಗಿ ಸಿಕ್ಕಿತು, ಎಚ್‌ಆರ್ ಸಂಬಳಕ್ಕೆ ಕೈ ಹಾಕಲಿಲ್ಲ. ಹೋಟೆಲಿನಿಂದ ಪೊಲೀಸರು ರೆಕಾರ್ಡಿಂಗ್ ತಗೊಂಡರು. ಬ್ಯಾಗ್ ಹೆಗಲಿಗೇರಿಸಿಕೊಂಡವನು ಯಾರೆಂದು ಇನ್ನೂ ಗೊತ್ತಾಗಿಲ್ಲ.